ಉಗ್ರಾಣದ ದಾಸ್ತಾನು ಎಚ್ಚರಿಕೆಗಳಿಗೆ ಹೊಸ ಮಿತಿ ಹಾಕಿದ ಕೆಲಸದ ದಾಖಲೆ

ಯಂತ್ರಗಳ ಬಿಡಿಭಾಗಗಳನ್ನು ಇಡುವ ಉಗ್ರಾಣವೊಂದರಲ್ಲಿ, ಯಾವುದೇ ವಸ್ತುವಿನ ದಾಸ್ತಾನು 20ಕ್ಕಿಂತ ಕೆಳಗಿಳಿದರೆ ಮೇಲ್ವಿಚಾರಕರಿಗೆ ಸಂದೇಶ ಹೋಗುವಂತೆ ಹಿಂದೆ ಯಾರೋ ವ್ಯವಸ್ಥೆ ಮಾಡಿದ್ದರು. ಎಲ್ಲ ವಸ್ತುಗಳಿಗೂ ಅದೇ ಒಂದು ಅಂಕಿ. ಸದಾ ಎರಡೋ ಮೂರೋ ಇರುವ ಕಪ್ಲಿಂಗ್‌ಗಳ ಬಗ್ಗೆ ದಿನವೂ ಸಂದೇಶ ಬರುತ್ತಿತ್ತು; ಪ್ರತಿದಿನ ಆರರಂತೆ ಖರ್ಚಾಗುವ ಆಯಿಲ್ ಫಿಲ್ಟರ್ ಬಗ್ಗೆ ಸಂದೇಶ ಬರುವ ಹೊತ್ತಿಗೆ ಮೂರು ದಿನದ ದಾಸ್ತಾನು ಮಾತ್ರ ಉಳಿದಿರುತ್ತಿತ್ತು, ಹೊಸ ಮಾಲು ಕೈಸೇರಲು ಒಂಬತ್ತು ದಿನ ಬೇಕಾಗುತ್ತಿತ್ತು. ಮೊದಲನೆಯದು ಬೇಡದ ಸಂದೇಶ, ಎರಡನೆಯದು ಕಾಲ ಮೀರಿ ಬಂದ ಸಂದೇಶ. ಎರಡೂ ಒಂದೇ ಪಟ್ಟಿಯಲ್ಲಿ ಬೆರೆತು ಬರುತ್ತಿದ್ದುದರಿಂದ ಉಗ್ರಾಣದವರು ಆ ಪಟ್ಟಿಯನ್ನು ತೆರೆಯುವುದನ್ನೇ ಬಿಟ್ಟಿದ್ದರು. ಅದನ್ನು ಸರಿಪಡಿಸುವ ಕೆಲಸ ನನ್ನ ಪಾಲಿಗೆ ಬಂದಿತು.

ಕೆಲಸ ಆರಂಭಿಸುವ ಮೊದಲು ಒಂದು ನಿಯಮವನ್ನು ಇಟ್ಟುಕೊಂಡೆ. ಎಚ್ಚರಿಕೆಯನ್ನು ಓದಿದವರು ಆ ಹೊತ್ತಿಗೆ ಮಾಡಬಹುದಾದ ಕೆಲಸವೊಂದು ಇರಬೇಕು: ಆರ್ಡರ್ ಹಾಕುವುದು ಅಥವಾ ಹಾಕಿದ ಆರ್ಡರನ್ನು ಬೆನ್ನಟ್ಟುವುದು. ಇವೆರಡೂ ಇಲ್ಲದ ಸಂದೇಶ ಯಾರಿಗೂ ಹೋಗಕೂಡದು. ಮುಂದಿನ ಹಂತಗಳೆಲ್ಲ ಈ ನಿಯಮದಿಂದಲೇ ಹುಟ್ಟಿದವು.

ಮೊದಲು ಅಳೆದದ್ದು: ಮಾಲು ಬರಲು ನಿಜವಾಗಿ ಹಿಡಿಯುವ ಸಮಯ

ಮಿತಿಯನ್ನು ನಿರ್ಧರಿಸುವ ಮುಖ್ಯ ಅಂಶ ದಾಸ್ತಾನಿನ ಅಂಕಿಯಲ್ಲ, ಆರ್ಡರ್ ಹಾಕಿದಂದಿನಿಂದ ಮಾಲು ಬಳಕೆಗೆ ಸಿಗುವವರೆಗಿನ ಅವಧಿ, ಅಂದರೆ ಲೀಡ್ ಟೈಮ್. ಆಯಿಲ್ ಫಿಲ್ಟರ್‌ಗೆ ಪೂರೈಕೆದಾರರು ಹೇಳುತ್ತಿದ್ದುದು ಆರು ದಿನ. ಆದರೆ ಖರೀದಿ ಕೋರಿಕೆಗೆ ಅನುಮೋದನೆ ಸಿಕ್ಕಿ ಆರ್ಡರ್ ಹೊರಡಲು ಎರಡು ದಿನ ಹಿಡಿಯುತ್ತಿತ್ತು, ಬಂದ ಪೆಟ್ಟಿಗೆಯನ್ನು ಪರಿಶೀಲಿಸಿ ಲೆಡ್ಜರ್‌ಗೆ ಏರಿಸಲು ಇನ್ನೊಂದು ದಿನ ಹೋಗುತ್ತಿತ್ತು. ಉಗ್ರಾಣದ ಪಾಲಿಗೆ ಅದು ಒಂಬತ್ತು ದಿನವೇ. ಪೂರೈಕೆದಾರರ ಮಾತನ್ನು ಮಾತ್ರ ನಂಬಿ ಮಿತಿ ಹಾಕಿದ್ದರೆ ಪ್ರತಿ ಸಲವೂ ಮೂರು ದಿನದ ಬಳಕೆಯಷ್ಟು, ಅಂದರೆ 18 ಫಿಲ್ಟರ್‌ಗಳಷ್ಟು ಕೊರತೆ ಲೆಕ್ಕದಲ್ಲೇ ಅಡಗಿರುತ್ತಿತ್ತು. ಆದ್ದರಿಂದ ಹಳೆಯ ಆರ್ಡರ್‌ಗಳಲ್ಲಿ ಕೋರಿಕೆಯ ದಿನಾಂಕವನ್ನೂ ಲೆಡ್ಜರ್‌ಗೆ ಏರಿದ ದಿನಾಂಕವನ್ನೂ ತೆಗೆದುಕೊಂಡು ಅವುಗಳ ಅಂತರವನ್ನೇ ಲೀಡ್ ಟೈಮ್ ಎಂದು ಪರಿಗಣಿಸಿದೆ. ಸರಾಸರಿ 9 ದಿನ ಬಂದಿತು, ಮಾನಕ ವಿಚಲನೆ 2 ದಿನ.

ಬಳಕೆಯ ಲೆಕ್ಕದಲ್ಲಿ ಬೇರೆಯೇ ಒಂದು ತೊಡಕಿತ್ತು. 90 ದಿನಗಳಲ್ಲಿ 450 ಫಿಲ್ಟರ್‌ಗಳು ಹೊರಹೋಗಿದ್ದವು. ನೇರವಾಗಿ ಭಾಗಿಸಿದರೆ ದಿನಕ್ಕೆ 5. ಆದರೆ ಆ 90ರಲ್ಲಿ 15 ದಿನ ದಾಸ್ತಾನೇ ಸೊನ್ನೆಯಾಗಿತ್ತು. ಆ ದಿನಗಳಲ್ಲಿ ಬೇಡಿಕೆ ಇರಲಿಲ್ಲವೆಂದಲ್ಲ, ಕೊಡಲು ಫಿಲ್ಟರ್ ಇರಲಿಲ್ಲ. ಅವನ್ನು ಬಿಟ್ಟು 450ನ್ನು 75ರಿಂದ ಭಾಗಿಸಿದರೆ ನಿಜವಾದ ದರ ದಿನಕ್ಕೆ 6. ಈ ವ್ಯತ್ಯಾಸ ನೋಡಲು ಸಣ್ಣದು, ಆದರೆ ಅದು ತಾನಾಗಿಯೇ ಬೆಳೆಯುವ ಗುಣದ್ದು: ಸೊನ್ನೆಯ ದಿನಗಳನ್ನು ಸೇರಿಸಿದರೆ ಸರಾಸರಿ ಇಳಿಯುತ್ತದೆ, ಸರಾಸರಿ ಇಳಿದರೆ ಮಿತಿ ಇಳಿಯುತ್ತದೆ, ಮಿತಿ ಇಳಿದರೆ ಸೊನ್ನೆಯ ದಿನಗಳು ಹೆಚ್ಚುತ್ತವೆ, ಮುಂದಿನ ಲೆಕ್ಕದಲ್ಲಿ ಸರಾಸರಿ ಮತ್ತಷ್ಟು ಇಳಿಯುತ್ತದೆ. ಮಿತಿಯನ್ನು ಯಂತ್ರವೇ ಲೆಕ್ಕ ಹಾಕುವ ವ್ಯವಸ್ಥೆಗಳಲ್ಲಿ ನಾನು ಮೊದಲು ಹುಡುಕುವುದು ಈ ದೋಷವನ್ನೇ.

ಮೊದಲೇ ಗೊತ್ತಿದ್ದ ದೊಡ್ಡ ಬಳಕೆಗಳನ್ನೂ ಸರಾಸರಿಯಿಂದ ಹೊರಗಿಟ್ಟೆ. ಯಂತ್ರಗಳನ್ನೆಲ್ಲ ನಿಲ್ಲಿಸಿ ದುರಸ್ತಿ ಮಾಡುವ ದಿನ ಒಮ್ಮೆಗೇ 40 ಫಿಲ್ಟರ್ ಹೋದರೆ ಅದು ಏರಿಳಿತವಲ್ಲ, ಯೋಜನೆ. ಅಂಥದ್ದನ್ನು ಸರಾಸರಿಗೆ ಬೆರೆಸುವ ಬದಲು, ದಿನಾಂಕ ಗೊತ್ತಾದ ಕೂಡಲೇ ಅಷ್ಟನ್ನು ಕಾದಿರಿಸಿದ ದಾಸ್ತಾನೆಂದು ಗುರುತಿಸಿ, ಲಭ್ಯವಿರುವುದರಿಂದ ಕಳೆಯುವುದು ಸರಿಯಾದ ಕ್ರಮ. ಹೀಗೆ ಶುದ್ಧಗೊಳಿಸಿದ ಮೇಲೆ ದಿನದ ಬಳಕೆಯ ಮಾನಕ ವಿಚಲನೆ 2.5 ಎಂದು ಸಿಕ್ಕಿತು.

ಮಿತಿಯ ಲೆಕ್ಕ

ಈ ಮಿತಿಯಲ್ಲಿ, ಅಂದರೆ ಮರು ಆರ್ಡರ್ ಮಟ್ಟದಲ್ಲಿ, ಎರಡು ಭಾಗಗಳಿವೆ. ಮಾಲು ಬರುವವರೆಗೆ ಸರಾಸರಿಯಾಗಿ ಖರ್ಚಾಗುವುದು ಒಂದು, ಬಳಕೆ ಹೆಚ್ಚಾದರೆ ಅಥವಾ ಮಾಲು ತಡವಾದರೆ ಬೇಕಾಗುವ ಸುರಕ್ಷತಾ ದಾಸ್ತಾನು ಇನ್ನೊಂದು.

```python
from math import ceil, sqrt

def reorder_point(d, sd, L, sL, R=0, z=1.645):
    base = d * (L + R)
    safety = z * sqrt((L + R) * sd**2 + d**2 * sL**2)
    return ceil(base + safety)

reorder_point(6, 2.5, 9, 2)        # 78
reorder_point(6, 2.5, 9, 2, R=7)   # 122
```

ಇಲ್ಲಿ `d` ದಿನದ ಸರಾಸರಿ ಬಳಕೆ, `sd` ಅದರ ಮಾನಕ ವಿಚಲನೆ, `L` ಸರಾಸರಿ ಲೀಡ್ ಟೈಮ್, `sL` ಅದರ ಮಾನಕ ವಿಚಲನೆ. `z`ಗೆ ಕೊಟ್ಟಿರುವ 1.645 ಎಂಬುದು 95% ಭರವಸೆಗೆ ಸಲ್ಲುವ ಅಂಕಿ. ಆ 95%ನ ಅರ್ಥವನ್ನು ಉಗ್ರಾಣದವರಿಗೆ ಸ್ಪಷ್ಟವಾಗಿ ತಿಳಿಸಬೇಕು: ನೂರು ದಿನಗಳಲ್ಲಿ ತೊಂಬತ್ತೈದು ದಿನ ಮಾಲು ಇರುತ್ತದೆ ಎಂದಲ್ಲ, ನೂರು ಸಲ ಆರ್ಡರ್ ಹಾಕಿದರೆ ಸುಮಾರು ತೊಂಬತ್ತೈದು ಸಲ ಹೊಸ ಮಾಲು ಬರುವ ಮೊದಲು ಹಳೆಯದು ಮುಗಿಯುವುದಿಲ್ಲ ಎಂದು.

ಫಿಲ್ಟರ್‌ಗೆ ಮೊದಲ ಭಾಗ 54, ಎರಡನೆಯದು ಸುಮಾರು 23.3, ಒಟ್ಟು ಮೇಲಕ್ಕೆ ದುಂಡಾಗಿಸಿದರೆ 78. ಹಳೆಯ ಮಿತಿ 20 ಎಷ್ಟು ದೂರದಲ್ಲಿತ್ತೆಂಬುದು ಇದರಿಂದಲೇ ತಿಳಿಯುತ್ತದೆ. ವರ್ಗಮೂಲದ ಒಳಗಿನ ಎರಡು ಪದಗಳನ್ನು ಬಿಡಿಸಿ ನೋಡುವುದು ಇನ್ನೂ ಉಪಯುಕ್ತ. ಬಳಕೆಯ ಏರಿಳಿತದಿಂದ ಬಂದದ್ದು 9 × 6.25, ಅಂದರೆ 56.25, ಲೀಡ್ ಟೈಮ್‌ನ ಏರಿಳಿತದಿಂದ ಬಂದದ್ದು 36 × 4, ಅಂದರೆ 144. ಹೀಗಾಗಿ ಈ ವಸ್ತುವಿನ ಅನಿಶ್ಚಿತತೆಯ ಬಹುಪಾಲು ಕಾರ್ಖಾನೆಯ ಒಳಗಿನದಲ್ಲ, ಪೂರೈಕೆಯ ಕಡೆಯದು. ಮಾಲು ಬರುವ ದಿನದ ವಿಚಲನೆ ಎರಡರಿಂದ ಒಂದಕ್ಕೆ ಇಳಿದರೆ ಮಿತಿ 78ರಿಂದ 70ಕ್ಕೆ ಇಳಿಯುತ್ತದೆ. ಬಳಕೆಯ ಮುನ್ನಂದಾಜನ್ನು ಸೂಕ್ಷ್ಮಗೊಳಿಸಲು ಸಮಯ ಹಾಕುವುದಕ್ಕಿಂತ, ಅನುಮೋದನೆಯ ಎರಡು ದಿನ ಕೆಲವೊಮ್ಮೆ ಐದಾಗುವುದು ಏಕೆ ಎಂದು ವಿಚಾರಿಸುವುದರಿಂದ ಹೆಚ್ಚು ಪ್ರಯೋಜನವಿತ್ತು, ಹಾಗೆಯೇ ಮಾಡಿದೆವು.

ಸೂತ್ರದಲ್ಲಿರುವ `R`, ಅಂದರೆ ಒಂದು ಆರ್ಡರ್ ದಿನದಿಂದ ಮುಂದಿನ ಆರ್ಡರ್ ದಿನದವರೆಗಿನ ಅಂತರ, ಮೊದಲು ನನ್ನ ಯೋಜನೆಯಲ್ಲಿ ಇರಲಿಲ್ಲ. ಉಗ್ರಾಣದ ಮೇಲ್ವಿಚಾರಕರೊಡನೆ ಕುಳಿತು ಲೆಕ್ಕ ತೋರಿಸುತ್ತಿದ್ದಾಗ ಅವರು, "ಸರ್, ಫಿಲ್ಟರ್‌ನ ಆರ್ಡರ್ ಯಾವಾಗ ಬೇಕಾದರೂ ಹೋಗುತ್ತದೆ. ಆದರೆ ಬೆಲ್ಟ್‌ಗಳ ಆರ್ಡರ್ ಸೋಮವಾರ ಮಾತ್ರ ಹೋಗುತ್ತದೆ" ಎಂದರು. ಆರ್ಡರ್ ವಾರಕ್ಕೊಮ್ಮೆ ಮಾತ್ರ ಹೋಗುವುದಾದರೆ, ಮಂಗಳವಾರ ಮಿತಿ ದಾಟಿದ ವಸ್ತು ಆರು ದಿನ ಸುಮ್ಮನೆ ಕಾಯಬೇಕಾಗುತ್ತದೆ. ಮಿತಿಯು ಆ ಕಾಯುವ ಅವಧಿಯನ್ನೂ ಹೊರಬೇಕು. ಫಿಲ್ಟರ್‌ನಷ್ಟೇ ಬಳಕೆ ಮತ್ತು ಲೀಡ್ ಟೈಮ್ ಇರುವ ಬೆಲ್ಟ್‌ಗೆ ಮಿತಿ 78ರಿಂದ 122ಕ್ಕೆ ಏರುವುದು ಈ ಕಾರಣಕ್ಕೆ. ಎಚ್ಚರಿಕೆ ಕಳುಹಿಸುವ ಸಮಯವೂ ಇದರೊಡನೆ ಬದಲಾಯಿತು. ಬೆಲ್ಟ್‌ಗಳ ಬಗ್ಗೆ ಬುಧವಾರ ಸಂದೇಶ ಕಳುಹಿಸಿದರೆ ಯಾರೂ ಏನೂ ಮಾಡುವಂತಿಲ್ಲ. ಅವೆಲ್ಲವನ್ನೂ ಒಟ್ಟುಗೂಡಿಸಿ ಸೋಮವಾರ ಬೆಳಿಗ್ಗೆ ಒಂದೇ ಪಟ್ಟಿಯಾಗಿ ಕಳುಹಿಸುವಂತೆ ಮಾಡಿದೆ. ಬೇಡದ ಸಂದೇಶಗಳಲ್ಲಿ ದೊಡ್ಡ ಪಾಲು ಈ ಒಂದೇ ಬದಲಾವಣೆಯಿಂದ ಹೋಯಿತು.

ಕಪ್ಲಿಂಗ್‌ನಂಥ ನಿಧಾನದ ವಸ್ತುಗಳು

ಮೇಲಿನ ಸೂತ್ರ ದಿನವೂ ಚಲಿಸುವ ವಸ್ತುಗಳಿಗೆ ಸರಿ. ಎರಡು ತಿಂಗಳಿಗೊಂದು ಹೋಗುವ ಕಪ್ಲಿಂಗ್‌ಗೆ ಅದನ್ನು ಹಚ್ಚಿದರೆ ಉತ್ತರವನ್ನು ನಂಬುವಂತಿಲ್ಲ, ಏಕೆಂದರೆ ಅಲ್ಲಿ ಬಳಕೆ ಸರಾಸರಿಯ ಎರಡೂ ಬದಿಗೆ ಸಮನಾಗಿ ಹರಡಿರುವುದಿಲ್ಲ. ಬಹುತೇಕ ದಿನ ಸೊನ್ನೆ, ಅಪರೂಪಕ್ಕೆ ಒಂದು. ಇಂಥ ವಸ್ತುಗಳಿಗೆ, ಒಂದೊಂದಾಗಿ, ಪರಸ್ಪರ ಸಂಬಂಧವಿಲ್ಲದೆ ಹೋಗುತ್ತವೆ ಎಂಬ ಷರತ್ತಿನಲ್ಲಿ, ಪಾಯ್ಸಾನ್ ವಿತರಣೆಯನ್ನು ಬಳಸಿದೆ. ಕಪ್ಲಿಂಗ್‌ನ ಲೀಡ್ ಟೈಮ್ 30 ದಿನ, ಬಳಕೆ 60 ದಿನಕ್ಕೆ 1. ಆದ್ದರಿಂದ ಮಾಲು ಬರುವವರೆಗಿನ ಸರಾಸರಿ ಬೇಡಿಕೆ 0.5. ಆ ಅವಧಿಯಲ್ಲಿ ಬೇಡಿಕೆ 1ನ್ನು ಮೀರದಿರುವ ಸಂಭವ ಸುಮಾರು 91%, 2ನ್ನು ಮೀರದಿರುವ ಸಂಭವ 98%ಗಿಂತ ಹೆಚ್ಚು. 95% ಬೇಕೆಂದರೆ ಮಿತಿ 2. ಅಂದರೆ ಮೂರು ಇದ್ದದ್ದು ಎರಡಾದಾಗ ಒಂದು ಸಂದೇಶ ಹೋಗುತ್ತದೆ, ಒಂದು ಆರ್ಡರ್ ಹೊರಡುತ್ತದೆ, ಆಮೇಲೆ ಮೌನ.

ಈ ಷರತ್ತು ಎಲ್ಲ ಕಡೆ ನಿಲ್ಲುವುದಿಲ್ಲ. ಒಂದು ಯಂತ್ರಕ್ಕೆ ನಾಲ್ಕು ಸೀಲ್‌ಗಳನ್ನು ಒಟ್ಟಿಗೇ ಬದಲಿಸಬೇಕಾದರೆ ಬೇಡಿಕೆ ಬರುವುದೇ ನಾಲ್ಕರ ಗುಂಪಾಗಿ. ಅಲ್ಲಿ ಎಣಿಸಬೇಕಾದುದು ಸೀಲ್‌ಗಳನ್ನಲ್ಲ, ದುರಸ್ತಿಗಳನ್ನು. ಬಂದ ಮಿತಿಯನ್ನು ಆಮೇಲೆ ನಾಲ್ಕರಿಂದ ಗುಣಿಸಬೇಕು.

ಯಾವ ಅಂಕಿಯನ್ನು ಮಿತಿಯೊಡನೆ ಹೋಲಿಸಬೇಕು

ಮಿತಿ ಎಷ್ಟೇ ಸರಿಯಿದ್ದರೂ ಅದನ್ನು ತಪ್ಪು ಅಂಕಿಯೊಡನೆ ಹೋಲಿಸಿದರೆ ಗದ್ದಲ ನಿಲ್ಲುವುದಿಲ್ಲ. ಹಳೆಯ ವ್ಯವಸ್ಥೆ ಕಪಾಟಿನಲ್ಲಿರುವ ದಾಸ್ತಾನನ್ನು ಮಾತ್ರ ನೋಡುತ್ತಿತ್ತು. ಆದ್ದರಿಂದ ಆರ್ಡರ್ ಹಾಕಿಯಾದ ಮೇಲೂ ಮಾಲು ಬರುವವರೆಗೆ ದಿನವೂ ಅದೇ ಸಂದೇಶ ಬರುತ್ತಿತ್ತು. ಹೋಲಿಸಬೇಕಾದುದು ಒಟ್ಟು ಸ್ಥಿತಿಯನ್ನು: ಕೈಯಲ್ಲಿರುವುದಕ್ಕೆ ಬರಬೇಕಾಗಿರುವುದನ್ನು ಕೂಡಿಸಿ, ಅದರಿಂದ ಕಾದಿರಿಸಿದ್ದನ್ನೂ ಕೊಡಬೇಕಾಗಿ ಬಾಕಿ ಉಳಿದದ್ದನ್ನೂ ಕಳೆದರೆ ಸಿಗುವುದು. 78ಕ್ಕೆ ಇಳಿದಾಗ 150 ಫಿಲ್ಟರ್‌ಗಳ ಆರ್ಡರ್ ಹೋದರೆ ಒಟ್ಟು ಸ್ಥಿತಿ 228 ಆಗುತ್ತದೆ, ಎಚ್ಚರಿಕೆ ತಾನಾಗಿ ಆರುತ್ತದೆ.

ಆದರೆ ಒಟ್ಟು ಸ್ಥಿತಿಯನ್ನು ನಂಬುವುದರಲ್ಲಿ ಒಂದು ಅಪಾಯವಿದೆ, ಅದು ಗದ್ದಲಕ್ಕಿಂತ ಕೆಟ್ಟದ್ದು. 100 ಕೇಳಿದಾಗ 80 ಬಂದು, ಉಳಿದ 20ರ ಆರ್ಡರನ್ನು ಯಾರೂ ಮುಚ್ಚದಿದ್ದರೆ, ಆ 20 "ಬರಬೇಕಾಗಿರುವುದು" ಎಂದು ಲೆಕ್ಕದಲ್ಲಿ ಉಳಿದೇಬಿಡುತ್ತದೆ. ಇಂಥ ನಾಲ್ಕು ಆರ್ಡರ್‌ಗಳು ಸೇರಿದರೆ 80. ಅದು ಮಿತಿಯಾದ 78ಕ್ಕಿಂತ ಹೆಚ್ಚು. ಆಗ ಕಪಾಟು ಬರಿದಾದರೂ ಎಚ್ಚರಿಕೆ ಹೊಮ್ಮುವುದಿಲ್ಲ. ಹಾಗಾಗಿ ಹೊಸ ನಿಯಮವನ್ನು ಚಾಲೂ ಮಾಡುವ ಮೊದಲು ಈ ಪಟ್ಟಿಯನ್ನು ತೆಗೆದು ಖರೀದಿ ವಿಭಾಗದವರಿಂದ ಒಂದೊಂದನ್ನೂ ಇತ್ಯರ್ಥ ಮಾಡಿಸಿಕೊಂಡೆ:

```sql
SELECT item, order_no, due_date,
       ordered_qty - received_qty AS pending
FROM purchase_lines
WHERE closed = 0
  AND received_qty < ordered_qty
  AND due_date < DATE('now', '-30 days');
```

ಈ ಪ್ರಶ್ನೆ ಈಗ ವಾರಕ್ಕೊಮ್ಮೆ ಓಡುತ್ತದೆ. ಅದರ ಉತ್ತರ ಉಗ್ರಾಣಕ್ಕೆ ಹೋಗುವುದಿಲ್ಲ, ಆರ್ಡರ್ ಮುಚ್ಚುವ ಅಧಿಕಾರವಿರುವ ಖರೀದಿ ವಿಭಾಗಕ್ಕೆ ಹೋಗುತ್ತದೆ. ದಾಸ್ತಾನು ಸೊನ್ನೆಗಿಂತ ಕೆಳಗೆ ತೋರಿಸುವ ವಸ್ತುಗಳನ್ನೂ ಹೀಗೆಯೇ ಬೇರ್ಪಡಿಸಿದೆ. ಅದು ಕೊರತೆಯ ಸುದ್ದಿಯಲ್ಲ, ಲೆಡ್ಜರ್ ನಮೂದಿನ ದೋಷ.

ಒಮ್ಮೆ ಹೇಳಿದ ಮೇಲೆ ಸುಮ್ಮನಿರುವುದು

ಒಟ್ಟು ಸ್ಥಿತಿ ಮಿತಿಯ ಆಸುಪಾಸಿನಲ್ಲಿರುವಾಗ ಸಣ್ಣ ಚಲನೆಗಳೇ ಸಂದೇಶಗಳ ಸರಮಾಲೆಯಾಗುತ್ತವೆ. 77ಕ್ಕೆ ಇಳಿದಾಗ ಒಂದು ಸಂದೇಶ, ಬಳಸದ ಎರಡು ಫಿಲ್ಟರ್ ಹಿಂದಿರುಗಿ 79 ಆದಾಗ "ಸರಿಯಾಯಿತು" ಎಂದು ಮತ್ತೊಂದು, ಮಧ್ಯಾಹ್ನ ಮೂರು ಹೋಗಿ 76 ಆದಾಗ ಇನ್ನೊಂದು. ಇದಕ್ಕೆ ಪರಿಹಾರ, ಎಚ್ಚರಿಕೆ ಹೊತ್ತುವ ಮಟ್ಟ ಮತ್ತು ಆರುವ ಮಟ್ಟಗಳನ್ನು ಬೇರೆಬೇರೆ ಇಡುವುದು.

```python
def step(state, position, rop, clear):
    if state == "ok" and position <= rop:
        return "low", True       # ಸಂದೇಶ ಕಳುಹಿಸಿ
    if state == "low" and position >= clear:
        return "ok", False
    return state, False
```

ಆರುವ ಮಟ್ಟವನ್ನು ಮಿತಿಯ ಮೇಲೆ ಎರಡು ದಿನದ ಬಳಕೆಯಷ್ಟು, ಅಂದರೆ ಫಿಲ್ಟರ್‌ಗೆ 90 ಎಂದು ಇಟ್ಟೆ. ಹಿಂದಿರುಗುವ ಮಾಲು ಅಥವಾ ಎಣಿಕೆಯ ತಿದ್ದುಪಡಿ ಸಾಮಾನ್ಯವಾಗಿ ಅಷ್ಟು ದೊಡ್ಡದಿರುವುದಿಲ್ಲ, ಆರ್ಡರ್ ಹಾಕಿದರೆ ಮಾತ್ರ ಸ್ಥಿತಿ ಅದನ್ನು ದಾಟುತ್ತದೆ. ಹಾಗಾಗಿ ಎಚ್ಚರಿಕೆಯನ್ನು ಆರಿಸುವ ದಾರಿ ಕಾರ್ಯತಃ ಒಂದೇ ಆಯಿತು. ಆರಿದ ಸುದ್ದಿಗೆ ಸಂದೇಶ ಕಳುಹಿಸುವುದಿಲ್ಲ. ಆರ್ಡರ್ ಹಾಕದೆ ಮೂರು ದಿನ ಕಳೆದರೆ ಒಂದೇ ಒಂದು ನೆನಪೋಲೆ ಹೋಗುತ್ತದೆ, ಅದೂ ಅನುಮೋದನೆ ಕೊಡಬೇಕಾದವರಿಗೆ.

ಎರಡನೆಯ ಎಚ್ಚರಿಕೆ: ಬರುವ ಮೊದಲು ಮುಗಿಯುತ್ತದೆ

ಒಟ್ಟು ಸ್ಥಿತಿಯನ್ನು ನೋಡುವ ಎಚ್ಚರಿಕೆ ಆರ್ಡರ್ ಹಾಕಿದೊಡನೆ ಮೌನವಾಗುವುದರಿಂದ, ಆಮೇಲೆ ನಡೆಯುವ ತಡವನ್ನು ಅದು ಕಾಣುವುದಿಲ್ಲ. ಅದಕ್ಕೆ ಪ್ರತ್ಯೇಕ ಪರೀಕ್ಷೆ ಬೇಕು: ಕೈಯಲ್ಲಿರುವುದು ಎಷ್ಟು ದಿನ ಸಾಕು, ಮಾಲು ಬರಲು ಎಷ್ಟು ದಿನ ಉಳಿದಿದೆ. ಆರ್ಡರ್ ಹೋಗಿ ಏಳು ದಿನವಾಗಿ, 16 ಫಿಲ್ಟರ್ ಉಳಿದಿವೆ ಎಂದುಕೊಳ್ಳೋಣ. ದಿನಕ್ಕೆ 6ರಂತೆ ಅದು ಎರಡೂವರೆ ದಿನಕ್ಕೂ ಮೀರಿ ಸಾಕಾಗುತ್ತದೆ. ಮಾಲು ಇನ್ನೆರಡು ದಿನದಲ್ಲಿ ಬರುವುದಾದರೆ ಯಾರನ್ನೂ ಎಬ್ಬಿಸಬೇಕಿಲ್ಲ, ಹಳೆಯ ವ್ಯವಸ್ಥೆ ಮಾತ್ರ 16 ಎಂಬುದನ್ನು ಕಂಡು ಕೂಗುತ್ತಿತ್ತು. ಪೂರೈಕೆದಾರರು ದಿನಾಂಕವನ್ನು ಐದು ದಿನ ಮುಂದಕ್ಕೆ ಎಂದು ತಿದ್ದಿದ ಕ್ಷಣಕ್ಕೆ, ದಾಸ್ತಾನು ಒಂದೂ ಕದಲದಿದ್ದರೂ, ತುರ್ತು ಸಂದೇಶ ಹೋಗಬೇಕು. ಫೋನ್ ಮಾಡಿ ಒಂದಷ್ಟನ್ನಾದರೂ ಮೊದಲೇ ಕಳುಹಿಸಿ ಎಂದು ಕೇಳಲು ಆಗ ಇನ್ನೂ ಸಮಯ ಇರುತ್ತದೆ.

```python
def will_run_out(on_hand, d, days_to_arrival, slack=2):
    if days_to_arrival <= 0:
        days_to_arrival = slack
    return on_hand / d < days_to_arrival
```

ಮಧ್ಯದ ಎರಡು ಸಾಲುಗಳಿಲ್ಲದಿದ್ದರೆ ಈ ಪರೀಕ್ಷೆ ಅತ್ಯಂತ ಬೇಕಾದ ಹೊತ್ತಿನಲ್ಲೇ ಮೂಕವಾಗುತ್ತದೆ. ಬರಬೇಕಾದ ದಿನಾಂಕ ದಾಟಿ ಮೂರು ದಿನವಾಗಿದ್ದರೆ `days_to_arrival` ಮೈನಸ್ 3 ಆಗುತ್ತದೆ. ಕೈಯಲ್ಲಿ ಒಂದೇ ಫಿಲ್ಟರ್ ಇದ್ದರೂ ಅದು ಮೈನಸ್ ಮೂರಕ್ಕಿಂತ ಹೆಚ್ಚೇ, ಆದ್ದರಿಂದ ಎಲ್ಲ ಸರಿಯಿದೆ ಎಂಬ ಉತ್ತರ ಬರುತ್ತದೆ. ಗಡುವು ದಾಟಿದ ಮಾಲು ಕನಿಷ್ಠ ಇನ್ನೆರಡು ದಿನ ಬರುವುದಿಲ್ಲ ಎಂದು ಭಾವಿಸುವುದು ಕ್ಷೇಮ. ಆ ಎರಡು ಎಂಬುದು ಲೀಡ್ ಟೈಮ್‌ನ ಮಾನಕ ವಿಚಲನೆಯಿಂದ ಬಂದದ್ದು.

ಹಳೆಯ ಲೆಡ್ಜರ್ ಮೇಲೆ ಪರೀಕ್ಷೆ

ಉಗ್ರಾಣದವರಿಗೆ ಕೊಡುವ ಮೊದಲು, ಕಳೆದ ಒಂದು ವರ್ಷದ ಚಲನೆಗಳನ್ನು ದಿನಾಂಕದ ಕ್ರಮದಲ್ಲಿ ಮತ್ತೆ ಓಡಿಸಿ, ಹಳೆಯ ನಿಯಮ ಮತ್ತು ಹೊಸ ನಿಯಮ ಯಾವ ದಿನ ಏನು ಹೇಳುತ್ತಿದ್ದವೆಂದು ನೋಡಿದೆ. ಇಲ್ಲಿ ಒಂದು ಶಿಸ್ತು ಬೇಕು: ಜೂನ್ ತಿಂಗಳ ಎಚ್ಚರಿಕೆಗೆ ಬಳಸುವ ಸರಾಸರಿ ಮೇ ಕೊನೆಯವರೆಗಿನ ದತ್ತಾಂಶದಿಂದ ಮಾತ್ರ ಬಂದಿರಬೇಕು. ಇಡೀ ವರ್ಷದ ಸರಾಸರಿಯನ್ನು ಬಳಸಿದರೆ ಮುಂದೆ ಆಗುವುದನ್ನು ಮೊದಲೇ ತಿಳಿದಂತಾಗಿ, ಫಲಿತಾಂಶ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ.

ಪ್ರತಿ ವಸ್ತುವಿಗೂ ಎರಡೇ ಪ್ರಶ್ನೆ ಕೇಳಿದೆ. ಸಂದೇಶ ಹೋದ ಎಷ್ಟು ಸಂದರ್ಭಗಳಲ್ಲಿ ಮೂರು ದಿನದೊಳಗೆ ಆರ್ಡರ್ ಹೊರಟಿತ್ತು? ದಾಸ್ತಾನು ಸೊನ್ನೆಯಾದ ಎಷ್ಟು ಸಂದರ್ಭಗಳಲ್ಲಿ, ಕನಿಷ್ಠ ಒಂದು ಲೀಡ್ ಟೈಮ್‌ನಷ್ಟು ಮುಂಚೆ ಸಂದೇಶ ಹೋಗಿರಲಿಲ್ಲ? ಮೊದಲನೆಯದು ಗದ್ದಲವನ್ನು ಅಳೆಯುತ್ತದೆ, ಎರಡನೆಯದು ಕುರುಡನ್ನು. ಸಂದೇಶಗಳ ಒಟ್ಟು ಸಂಖ್ಯೆ ಇಳಿದುದನ್ನಷ್ಟೇ ಗೆಲುವೆಂದು ಎಣಿಸುವುದನ್ನು ನಾನು ಒಪ್ಪುವುದಿಲ್ಲ, ಎಚ್ಚರಿಕೆಗಳನ್ನೆಲ್ಲ ನಿಲ್ಲಿಸಿಬಿಟ್ಟರೂ ಆ ಸಂಖ್ಯೆ ಇಳಿಯುತ್ತದೆ. ಹೊಸ ನಿಯಮದಲ್ಲಿ ಎರಡೂ ಅಳತೆಗಳು ಸುಧಾರಿಸಿದವು. ಉಳಿದ ಕುರುಡು ಪ್ರಕರಣಗಳಲ್ಲಿ ಹೆಚ್ಚಿನವು ಒಮ್ಮೆಗೇ ದೊಡ್ಡ ಪ್ರಮಾಣದಲ್ಲಿ ಹೋದ ವಸ್ತುಗಳವು. ಸ್ಥಿತಿ 80 ಇದ್ದಾಗ ಒಂದೇ ಚೀಟಿಯಲ್ಲಿ 25 ಹೋದರೆ ಅದು ನೇರವಾಗಿ 55ಕ್ಕೆ ಬೀಳುತ್ತದೆ. ಸೂತ್ರವು ಸ್ಥಿತಿ ಸರಿಯಾಗಿ 78ರಲ್ಲಿರುವಾಗ ಆರ್ಡರ್ ಹೋಗುತ್ತದೆಂದು ಭಾವಿಸಿದೆ, ಆದರೆ ಇಲ್ಲಿ ಆರಂಭವೇ 23 ಕಡಿಮೆ. ಸುರಕ್ಷತಾ ದಾಸ್ತಾನು ಬಹುತೇಕ ಪೂರ್ತಿ ಅಲ್ಲೇ ಮುಗಿದಂತೆ. ಇಂಥ ವಸ್ತುಗಳಿಗೆ ಮಿತಿಯ ಮೇಲೆ ಸಾಮಾನ್ಯ ಚೀಟಿಯೊಂದರ ಅರ್ಧದಷ್ಟನ್ನು ಸೇರಿಸಿದೆ, ಏಕೆಂದರೆ ಮಿತಿಯನ್ನು ದಾಟುವಾಗ ಸರಾಸರಿಯಾಗಿ ಕನಿಷ್ಠ ಅಷ್ಟು ಕೆಳಗೆ ಬೀಳುತ್ತದೆ.

ಮಿತಿಗಳನ್ನು ಮತ್ತೆ ಲೆಕ್ಕ ಹಾಕುವುದು

ಮಿತಿಗಳ ಮರುಲೆಕ್ಕ ತಿಂಗಳಿಗೊಮ್ಮೆ ನಡೆಯುತ್ತದೆ. ಪ್ರತಿದಿನ ಮಾಡಿದರೆ ದಾಸ್ತಾನು ನಿಂತಲ್ಲೇ ಇದ್ದರೂ ಮಿತಿಯೇ ಮೇಲೆ ಕೆಳಗೆ ಓಡಾಡಿ ಹೊಸ ಎಚ್ಚರಿಕೆಗಳನ್ನು ಹುಟ್ಟಿಸುತ್ತದೆ. ಹೊಸ ಅಂಕಿ ಹಳೆಯದಕ್ಕಿಂತ ಕಾಲು ಭಾಗಕ್ಕೂ ಹೆಚ್ಚು ಬದಲಾಗಿದ್ದರೆ ಅದು ತಾನಾಗಿ ಜಾರಿಗೆ ಬರುವುದಿಲ್ಲ. ಮೇಲ್ವಿಚಾರಕರು ನೋಡಿ ಒಪ್ಪಬೇಕು. ಹೆಚ್ಚಿನ ಸಲ ಅಂಥ ಜಿಗಿತದ ಹಿಂದೆ ಗುರುತಿಸದೆ ಉಳಿದ ಯೋಜಿತ ದುರಸ್ತಿಯೋ, ಪೆಟ್ಟಿಗೆಯ ಲೆಕ್ಕವನ್ನು ಬಿಡಿ ಲೆಕ್ಕವಾಗಿ ನಮೂದಿಸಿದ್ದೋ ಇರುತ್ತದೆ. ಬಳಕೆಯ ಇತಿಹಾಸವೇ ಇಲ್ಲದ ಹೊಸ ವಸ್ತುಗಳಿಗೆ ಅದನ್ನು ಬಳಸುವ ದುರಸ್ತಿ ತಂಡದವರಿಂದಲೇ ಅಂದಾಜು ಕೇಳಿ, ಮಿತಿಯನ್ನು ಕೈಯಾರೆ ಬರೆದು, ಅದಕ್ಕೊಂದು ಮುಕ್ತಾಯದ ದಿನಾಂಕವನ್ನೂ ಹಾಕುತ್ತೇವೆ. ಆ ದಿನಾಂಕ ಬಂದಾಗ ಲೆಡ್ಜರ್‌ನಲ್ಲಿ ಸಾಕಷ್ಟು ಚಲನೆ ಇದ್ದರೆ ಸೂತ್ರದ ಅಂಕಿ ಅದರ ಜಾಗಕ್ಕೆ ಬರುತ್ತದೆ, ಇಲ್ಲದಿದ್ದರೆ ಅಂದಾಜನ್ನು ಮತ್ತೊಮ್ಮೆ ಅದೇ ತಂಡದವರ ಬಳಿ ಕೇಳಬೇಕಾಗುತ್ತದೆ.